ನಿಂತ ಸಾಲೋ, ಮಲಗಿದ ಸಾಲೋ: ಒಂದೇ ತ್ರಿಕೋನಕ್ಕೆ ಎರಡು ದಾರಿ

ಗಂಗಾವತಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಎಂಜಿನಿಯರಿಂಗ್ ಮೊದಲ ವರ್ಷದಲ್ಲಿದ್ದಾಳೆ. ಹೋದ ವಾರ ಡಬಲ್ ಇಂಟಿಗ್ರಲ್ ಲೆಕ್ಕವೊಂದನ್ನು ಹಿಡಿದುಕೊಂಡು ಬಂದಳು. "ಅಕ್ಕಾ, ಆರ್ಡರ್ ಬದಲಿಸು ಅಂತಾರ. ಬದಲಿಸದೇ ಮಾಡಿದ್ರ ಏನಾಗ್ತದ?" ಅಂದಳು. ಒಳ್ಳೆಯ ಪ್ರಶ್ನೆ. ಹಾಗಾದರೆ ಎರಡೂ ರೀತಿ ಮಾಡಿಯೇ ನೋಡೋಣ ಅಂತ ಇಬ್ಬರೂ ಕೂತೆವು. ಲೆಕ್ಕ ಇದು:

```
∫[y=0→1] ∫[x=y→1] e^(x²) dx dy
```

ಮೊದಲು ಚಿತ್ರ. x ಎಂಬುದು y ಇಂದ 1ರವರೆಗೆ, y ಎಂಬುದು 0 ಇಂದ 1ರವರೆಗೆ. ಬರೆದು ನೋಡಿದರೆ (0,0), (1,0), (1,1) ಮೂಲೆಗಳ ತ್ರಿಕೋನ. ಅದನ್ನು ಮೂರು ಮೂಲೆಯ ಗದ್ದೆ ಅಂದುಕೊಳ್ಳಿ. ಟ್ರ್ಯಾಕ್ಟರನ್ನು ಅಡ್ಡಡ್ಡ ಓಡಿಸಬಹುದು, ಉದ್ದುದ್ದ ಓಡಿಸಬಹುದು. dx ಮೊದಲು ಬಂದರೆ ಸಾಲು ಮಲಗಿರುತ್ತದೆ. dy ಮೊದಲು ಬಂದರೆ ಸಾಲು ನಿಂತಿರುತ್ತದೆ. ಗದ್ದೆ ಅದೇ, ಸಾಲಿನ ದಿಕ್ಕು ಬೇರೆ. ಫಂಕ್ಷನ್ ಕಂಟಿನ್ಯುಯಸ್ ಆಗಿದ್ದರೆ ಎರಡರಲ್ಲೂ ಉತ್ತರ ಒಂದೇ ಬರುತ್ತದೆ.

ಮಲಗಿದ ಸಾಲನ್ನೇ ಮೊದಲು ಹಿಡಿದೆ. ಕೊಟ್ಟಿರುವುದು ಹಾಗೇ ಇದೆಯಲ್ಲ. ಆದರೆ ಮೊದಲ ಹೆಜ್ಜೆಯಲ್ಲೇ ಗಾಡಿ ನಿಂತಿತು. e^(x²) ಅನ್ನು x ಮೇಲೆ ಇಂಟಿಗ್ರೇಟ್ ಮಾಡಿದರೆ ನಮಗೆ ಗೊತ್ತಿರುವ ಸೂತ್ರಗಳಲ್ಲಿ ಉತ್ತರ ಬರೆಯಲು ಆಗುವುದಿಲ್ಲ. ಇದು ನಮ್ಮ ದಡ್ಡತನವಲ್ಲ, ಅಂಥ ಸೂತ್ರವೇ ಇಲ್ಲ ಅಂತ 19ನೇ ಶತಮಾನದಲ್ಲೇ ಸಾಬೀತಾಗಿದೆ. ಹಟ ಬಿಡದೆ e^(x²) ಅನ್ನು 1 + x² + x⁴/2 + x⁶/6 ಅಂತ ಸರಣಿಯಾಗಿ ಬಿಡಿಸಿದೆ. ಒಂದೊಂದು ಪದವನ್ನೂ ಎರಡು ಸಲ ಇಂಟಿಗ್ರೇಟ್ ಮಾಡಿದೆ. 1/2 + 1/4 + 1/12 + 1/48 ಹೀಗೆ ಸಾಗಿತು. ಆರು ಪದ ಕೂಡಿಸಿದಾಗ 0.8590 ಬಂತು. ಅಂದರೆ ಬದಲಿಸದೆ ಮಾಡಲು ಸಾಧ್ಯವೇ ಇಲ್ಲ ಅಂತಲ್ಲ. ಒಂದು ಪುಟ ಪೂರ್ತಿ ಹೋಗುತ್ತದೆ, ಕೊನೆಗೆ ಸಿಗುವುದೂ ಹತ್ತಿರದ ಉತ್ತರ ಮಾತ್ರ.

ಈಗ ನಿಂತ ಸಾಲು. ಯಾವುದಾದರೂ ಒಂದು x ಹತ್ತಿರ ಕಡ್ಡಿ ನಿಲ್ಲಿಸಿ. ಕಡ್ಡಿಯ ಬುಡ y = 0 ಮೇಲೆ, ತುದಿ y = x ಗೆರೆಗೆ ತಾಗುತ್ತದೆ. ಆ ಕಡ್ಡಿಯನ್ನು x = 0 ಇಂದ x = 1ರವರೆಗೆ ಸರಿಸಿದರೆ ಗದ್ದೆ ಮುಗಿಯಿತು.

```
∫[x=0→1] ∫[y=0→x] e^(x²) dy dx
= ∫[x=0→1] x·e^(x²) dx
= (e − 1)/2 ≈ 0.8591
```

ಮೂರೇ ಸಾಲು! ಯಾಕೆ ಇಷ್ಟು ಸುಲಭವಾಯಿತು ನೋಡಿ. ನಿಂತ ಸಾಲಿನ ಮೇಲೆ ನಡೆಯುವಾಗ x ಬದಲಾಗುವುದಿಲ್ಲ, ಹಾಗಾಗಿ e^(x²) ಕೂಡ ಬದಲಾಗುವುದಿಲ್ಲ. ಒಳಗಿನ ಇಂಟಿಗ್ರಲ್ ಅಂದರೆ ಸುಮ್ನೆ ಸಾಲಿನ ಉದ್ದದಿಂದ ಗುಣಿಸುವುದು, ಅಷ್ಟೇ. ಆ ಉದ್ದ x. e^(x²) ಪಕ್ಕದಲ್ಲಿ ಒಂದು x ಇದ್ದರೆ ಸಾಕು, x² = t ಅಂತ ಇಟ್ಟು ಮುಗಿಸಬಹುದು. ಹಾಗಾಗಿ ನಾನು ಈಗ ಆರ್ಡರ್ ಆರಿಸುವಾಗ ಎರಡೇ ವಿಷಯ ನೋಡುತ್ತೇನೆ. ಯಾವ ದಿಕ್ಕಿನ ಸಾಲಿನಲ್ಲಿ ಫಂಕ್ಷನ್ ಅಲುಗದೆ ಇರುತ್ತದೆ? ಆ ಸಾಲಿನ ಉದ್ದ ಎಷ್ಟು?

ಹುಡುಗಿ ಮನೆಯಲ್ಲಿ ಎರಡು ಸಲ ತಪ್ಪು ಮಾಡಿಕೊಂಡೇ ಬಂದಿದ್ದಳು. ಮೊದಲ ಸಲ ಲಿಮಿಟ್‌ಗಳನ್ನು ಹಾಗೇ ಎತ್ತಿ ಆಚೀಚೆ ಇಟ್ಟಿದ್ದಳು. ಹೊರಗಿನ ಇಂಟಿಗ್ರಲ್‌ಗೆ y ಇಂದ 1 ಅಂತ ಬಂದು, ಉತ್ತರದಲ್ಲಿ y ಉಳಿದುಕೊಂಡಿತ್ತು. ಇದನ್ನು ಹಿಡಿಯುವುದು ಸುಲಭ. ಬರಬೇಕಾದದ್ದು ಸಂಖ್ಯೆ, ಅದರಲ್ಲಿ y ಇರಬಾರದು.

ಎರಡನೆಯದು ಮೋಸದ ತಪ್ಪು. ಒಳಗಿನ ಲಿಮಿಟನ್ನು x ಇಂದ 1 ಅಂತ ಬರೆದಿದ್ದಳು. ಅಂದರೆ ಗೆರೆಯ ಕೆಳಗಿನ ಗದ್ದೆ ಬಿಟ್ಟು ಮೇಲಿನ ಗದ್ದೆ ಉಳುವುದಕ್ಕೆ ಹೋದಳು. ಕ್ಯಾಲ್ಕುಲೇಟರಿನ ∫ ಬಟನ್ ಒತ್ತಿ 0.6035 ತಂದಿದ್ದಳು. "ನಾ ಚೆಕ್ ಮಾಡೀನಿ ಅಕ್ಕಾ, ಫಂಕ್ಷನ್ ಬದಲು 1 ಇಟ್ಟೆ. ಎರಡರಾಗೂ ಅರ್ಧಾನ ಬಂತು" ಅಂದಳು.

ಬಂದೇ ಬರುತ್ತದೆ. y = x ಗೆರೆ ಚೌಕವನ್ನು ಸರಿಯಾಗಿ ಎರಡು ಪಾಲು ಮಾಡುತ್ತದೆ, ಎರಡೂ ಪಾಲಿನ ವಿಸ್ತೀರ್ಣ ಅರ್ಧ. 1 ಇಟ್ಟು ನೋಡಿದರೆ ಗದ್ದೆ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ, ಯಾವ ಗದ್ದೆ ಅಂತ ಗೊತ್ತಾಗುವುದಿಲ್ಲ. ಎಷ್ಟೋ ಮಂದಿ ಈ ಚೆಕ್ ಮಾಡಿ ನೆಮ್ಮದಿಯಾಗಿ ತಪ್ಪು ಉತ್ತರ ಬರೆದು ಬರುತ್ತಾರೆ. 1 ಬದಲು x ಇಟ್ಟು ನೋಡಿ ಅಂದೆ. ಕೊಟ್ಟ ಲೆಕ್ಕದಲ್ಲಿ 1/3 ಬಂತು, ಅವಳದರಲ್ಲಿ 1/6. ಕೆಳಗಿನ ಗದ್ದೆ ಬಲಕ್ಕೆ ವಾಲಿದೆ, ಮೇಲಿನದು ಎಡಕ್ಕೆ. x ಇಟ್ಟ ಕೂಡಲೇ ಆ ವಾಲು ಕಾಣುತ್ತದೆ.

ಹಾಗಂತ ನಿಂತ ಸಾಲೇ ಯಾವಾಗಲೂ ಗೆಲ್ಲುತ್ತದೆ ಅಂದುಕೊಳ್ಳಬೇಡಿ. ಮೂಲೆಗಳು (0,0), (2,0), (1,1) ಇರುವ ತ್ರಿಕೋನ ತೆಗೆದುಕೊಂಡೆವು, ಫಂಕ್ಷನ್ ಬರೀ y. ಇದು ಕಾಲುವೆ ದಂಡೆಗೆ ಬುಡ ಇಟ್ಟ ಗದ್ದೆಯ ಹಾಗಿದೆ. ದಂಡೆಯ ಉದ್ದಕ್ಕೆ, ಅಂದರೆ ಮಲಗಿದ ಸಾಲಿನಲ್ಲಿ ಹೋದರೆ x ಎಂಬುದು y ಇಂದ 2 − y ವರೆಗೆ, ಸಾಲಿನ ಉದ್ದ 2 − 2y. ಒಂದೇ ಇಂಟಿಗ್ರಲ್, ಉತ್ತರ 1/3. ನಿಂತ ಸಾಲಿನಲ್ಲಿ ಹೋದರೆ ಕಡ್ಡಿಯ ತುದಿ x = 1ರವರೆಗೆ ಒಂದು ಗೆರೆ ಮೇಲೆ, ಆಮೇಲೆ ಇನ್ನೊಂದು ಗೆರೆ ಮೇಲೆ. ಎರಡು ತುಂಡು ಮಾಡಲೇಬೇಕು: 1/6 + 1/6. ಉತ್ತರ ಅದೇ, ಕೆಲಸ ಮಾತ್ರ ಜಾಸ್ತಿ. ತುಂಡು ಮಾಡುವುದನ್ನು ಮರೆತು y ಅನ್ನು 0 ಇಂದ x ವರೆಗೆ, x ಅನ್ನು 2ರವರೆಗೆ ಓಡಿಸಿದರೆ 4/3 ಬರುತ್ತದೆ. ಗದ್ದೆಯ ವಿಸ್ತೀರ್ಣ 1, y ಎಲ್ಲಿಯೂ 1 ದಾಟುವುದಿಲ್ಲ. ಉತ್ತರ 1ಕ್ಕಿಂತ ಜಾಸ್ತಿ ಹೇಗೆ ಬಂದೀತು, ಅಲ್ವಾ?

ಕೊನೆಗೆ ಅವಳೇ ಒಂದು ತಲೆಹರಟೆ ಮಾಡಿದಳು. ಮೊದಲಿನ ಗದ್ದೆ ಹಾಗೇ ಇರಲಿ, e^(x²) ಬದಲು e^(y²) ಇಟ್ಟರೆ? ಈಗ ಫಂಕ್ಷನ್ ಅಲುಗದಿರುವುದು ಮಲಗಿದ ಸಾಲಿನಲ್ಲಿ. ಆದರೆ ಆ ಸಾಲಿನ ಉದ್ದ y ಅಲ್ಲ, 1 − y. y·e^(y²) ಭಾಗ ಸಲೀಸಾಗಿ ಹೋಗುತ್ತದೆ, 1 ಜೊತೆಗಿನ e^(y²) ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಿಂತ ಸಾಲಿನಲ್ಲಂತೂ ಮೊದಲ ಹೆಜ್ಜೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಎರಡು ದಾರಿಯೂ ಸೋತವು. ಸರಣಿ ಇಲ್ಲವೇ ಕ್ಯಾಲ್ಕುಲೇಟರ್, ಬೇರೆ ಗತಿಯಿಲ್ಲ. ಬಟನ್ ಒತ್ತಿದಳು. 0.6035.

"ಇದು ನನ್ನ ತಪ್ಪು ಉತ್ತರ ಅಲ್ಲೇನ್ ಅಕ್ಕಾ?" ಅಂದಳು. ಹೌದು, ಅದೇ. ಕಾಗದವನ್ನು y = x ಗೆರೆಯಲ್ಲಿ ಮಡಚಿ ತೋರಿಸಿದೆ. ಕೆಳಗಿನ ಗದ್ದೆ ಮೇಲಿನದರ ಮೇಲೆ ಕೂತಿತು, x ಇದ್ದ ಜಾಗಕ್ಕೆ y ಬಂತು.