ನೀರ್ ದೋಸೆಯ ಒಂದೇ ವಿಡಿಯೋಗೆ ಮೂರು ಥಂಬ್‌ನೇಲ್

"ಅಕ್ಕಾ, 5 ನಿಮಿಷ ಅಂತ ನೋಡಿ ಬೆಳಗ್ಗೆ ಆರೂವರೆಗೆ ವಿಡಿಯೋ ಹಾಕ್ಕೊಂಡೆ. ನೀವು ನೋಡಿದ್ರೆ ಅಕ್ಕಿ ನಾಲ್ಕು ಗಂಟೆ ನೆನೆಸಿ ಅಂತೀರಿ. ಈಗ ಮಗನ ಡಬ್ಬಿಗೆ ಏನು ಹಾಕ್ಲಿ?"

ನನ್ನ ನೀರ್ ದೋಸೆ ವಿಡಿಯೋದ ಕೆಳಗೆ ಬಂದ ಈ ಕಾಮೆಂಟ್ ಓದಿದ ದಿನ ನನಗೆ ಬೇರೆ ಕೆಲಸಕ್ಕೆ ಮನಸ್ಸೇ ಬರಲಿಲ್ಲ. ರುಬ್ಬಿದ ಹಿಟ್ಟು ಕೈಯಲ್ಲಿದ್ದರೆ 5 ನಿಮಿಷದಲ್ಲಿ ಮೂರು ದೋಸೆ ಬರುತ್ತದೆ, ಅದು ನಿಜ. ಆದರೆ "ಹಿಟ್ಟು ಇದ್ದರೆ" ಅನ್ನುವ ಮಾತು ಥಂಬ್‌ನೇಲ್‌ನಲ್ಲಿ ಇರಲಿಲ್ಲ. ಆ ತಾಯಿಗೆ ಮೊದಲು ಗೊತ್ತಾಗಬೇಕಿದ್ದದ್ದೇ ಅದು.

ಆಮೇಲೆ ಅದೇ ವಿಡಿಯೋಗೆ ಮೂರು ಬಗೆಯ ಚಿತ್ರ, ಮೂರು ಬಗೆಯ ಟೈಟಲ್ ಹಾಕಿ ನೋಡಿದೆ. ಅಡುಗೆ ಅದೇ, ದನಿ ಅದೇ, ಹೊರಗಿನ ಅಂಗಿ ಮಾತ್ರ ಬೇರೆ.

ಮೊದಲನೆಯದು, ಆ ಕಾಮೆಂಟ್ ತಂದದ್ದು. ಬಾಯಿ ತೆರೆದು ಬೆರಗಾದ ನನ್ನ ಮುಖ, ದೋಸೆಯ ಕಡೆ ಕೆಂಪು ಬಾಣ, ದಪ್ಪ ಹಳದಿ ಅಕ್ಷರದಲ್ಲಿ "5 ನಿಮಿಷ!". ಟೈಟಲ್: "ಈ ಒಂದು ಪದಾರ್ಥ ಹಾಕಿದ್ರೆ ನೀರ್ ದೋಸೆ ಹತ್ತಿಯಂತೆ ಬರುತ್ತೆ". ಆ ಒಂದು ಪದಾರ್ಥ ಕಾಯಿತುರಿ. ಕರಾವಳಿಯಲ್ಲಿ ಎಷ್ಟೋ ಮನೆಗಳಲ್ಲಿ ಹಾಕುವುದೇ.

ಎರಡನೆಯದು, ತಟ್ಟೆಯ ಚಿತ್ರ. ನಾಲ್ಕು ಮಡಿಕೆ ಮಾಡಿದ ದೋಸೆ, ಪಕ್ಕದಲ್ಲಿ ಕಾಯಿ ಚಟ್ನಿ. ಟೈಟಲ್ ಬರೀ "ನೀರ್ ದೋಸೆ ಮಾಡುವ ವಿಧಾನ".

ಮೂರನೆಯದು, ಕಪ್ಪು ಕಾವಲಿಯಿಂದ ದೋಸೆಯ ಅಂಚನ್ನು ಬೆರಳಲ್ಲಿ ಎತ್ತುತ್ತಿರುವ ಗಳಿಗೆ. ಚಿತ್ರದ ಮೇಲೆ ಎರಡೇ ಪದ: "ಅಂಟದ ದೋಸೆ". ಟೈಟಲ್: "ನೀರ್ ದೋಸೆ ಕಾವಲಿಗೆ ಅಂಟದಂತೆ ಹುಯ್ಯುವುದು ಹೇಗೆ? (ಅಕ್ಕಿ 4 ಗಂಟೆ ನೆನೆಯಬೇಕು)".

ಬರೀ ಕ್ಲಿಕ್ ನೋಡಿದರೆ ಮೊದಲನೆಯದೇ ಗೆದ್ದಿತು. ಯೂಟ್ಯೂಬ್ ಸ್ಟುಡಿಯೋದಲ್ಲಿ ಥಂಬ್‌ನೇಲ್ ಎಷ್ಟು ಸಲ ತೋರಿಸಲಾಯಿತು, ಅದರಲ್ಲಿ ನೂರಕ್ಕೆ ಎಷ್ಟು ಸಲ ಒತ್ತಿದರು ಅನ್ನುವ ಲೆಕ್ಕ ಸಿಗುತ್ತದೆ. ನನ್ನ ಮೊದಲನೆಯದಕ್ಕೆ ನೂರಕ್ಕೆ 9 ಬಂತು. ತಟ್ಟೆಗೆ 3, ಅಂಚು ಎತ್ತುವುದಕ್ಕೆ 6. ಇಷ್ಟೇ ನೋಡಿ ನಿಲ್ಲಿಸಿದ್ದರೆ ಇವತ್ತಿಗೂ ನಾನು ಬಾಯಿ ತೆರೆದುಕೊಂಡೇ ಇರುತ್ತಿದ್ದೆ.

ಅದೇ ಸ್ಟುಡಿಯೋದಲ್ಲಿ ಇನ್ನೊಂದು ಗ್ರಾಫ್ ಇದೆ. ಯಾವ ಸೆಕೆಂಡಿಗೆ ಎಷ್ಟು ಜನ ಉಳಿದಿದ್ದಾರೆ ಅಂತ ತೋರಿಸುತ್ತದೆ. ನಾನು 30ನೇ ಸೆಕೆಂಡನ್ನು ನೋಡುತ್ತೇನೆ. ಮೊದಲನೆಯದರಲ್ಲಿ ಅಲ್ಲಿಗೆ ಉಳಿದವರು ನೂರಕ್ಕೆ 45. ಮುಂದೆ "ಅಕ್ಕಿ ನೆನೆಸಿ" ಎಂದು ನಾನು ಹೇಳುವ ಜಾಗದಲ್ಲಿ ಗೆರೆ ಮತ್ತೆ ಕಡಿದಾದ ಇಳಿಜಾರಿನಂತೆ ಬಿದ್ದಿತ್ತು. ಮೂರನೆಯದರಲ್ಲಿ ಉಳಿದವರು 70, ತಟ್ಟೆಯದರಲ್ಲಿ 75.

ಈಗ ಎರಡೂ ಲೆಕ್ಕ ಸೇರಿಸಿ. ಥಂಬ್‌ನೇಲ್ ಸಾವಿರ ಸಲ ಕಣ್ಣಿಗೆ ಬಿದ್ದರೆ, ಮೊದಲನೆಯದನ್ನು 90 ಜನ ಒತ್ತಿದರು, ಅರ್ಧ ನಿಮಿಷದ ನಂತರ ಉಳಿದವರು ಸುಮಾರು 40. ಮೂರನೆಯದನ್ನು 60 ಜನ ಒತ್ತಿದರು, ಉಳಿದವರು 42. ಅಂದರೆ ಕೂತು ನೋಡುವವರು ಎರಡರಲ್ಲೂ ಅಷ್ಟೇ. ವ್ಯತ್ಯಾಸ ಇರುವುದು ಎದ್ದು ಹೋದವರಲ್ಲಿ. ಮೂರನೆಯದರಲ್ಲಿ 18 ಜನ ಎದ್ದು ಹೋದರೆ, ಮೊದಲನೆಯದರಲ್ಲಿ 50 ಜನ. ಮುಂದಿನ ಸಲ ನನ್ನ ಹೆಸರು ಕಂಡಾಗ ಆ 50 ಜನ ಬೆರಳು ಸರಿಸಿ ಮುಂದೆ ಹೋಗುತ್ತಾರೆ ಅಲ್ವಾ? ನನಗೆ ಜಾಸ್ತಿ ಕ್ಲಿಕ್ ಅಂತ ಕಂಡ 30 ಕ್ಲಿಕ್ಕೂ ಆ 50 ಜನರೊಳಗಿನವೇ.

ತಟ್ಟೆಯ ಚಿತ್ರದ ಬಗ್ಗೆಯೂ ಹೇಳಬೇಕು. ಅದು ಯಾರಿಗೂ ಮೋಸ ಮಾಡಲಿಲ್ಲ, ಆದರೆ ಯಾರನ್ನೂ ಕರೆಯಲೂ ಇಲ್ಲ. ಮೊದಲು ಬಿಳಿ ದೋಸೆಯನ್ನು ಬಿಳಿ ತಟ್ಟೆಯಲ್ಲಿ, ಬಿಳಿ ಚಟ್ನಿಯ ಜೊತೆ ಇಟ್ಟಿದ್ದೆ. ಫೋನಿನಲ್ಲಿ ಬರೀ ಒಂದು ಬಿಳಿ ಚುಕ್ಕೆ ಕಾಣುತ್ತಿತ್ತು. ಬಾಳೆ ಎಲೆಗೆ ಬದಲಿಸಿದ ಮೇಲೆ ಸ್ವಲ್ಪ ಮೇಲು. ಆದರೂ ನೀರ್ ದೋಸೆ ಹುಡುಕುವವರಿಗೆ ಅದು ಹೇಗಿರುತ್ತದೆ ಅಂತ ಮೊದಲೇ ಗೊತ್ತು. ಗೊತ್ತಿರುವುದನ್ನೇ ತೋರಿಸಿದರೆ ನನ್ನ ವಿಡಿಯೋನೇ ಯಾಕೆ ಒತ್ತಬೇಕು?

ಅಂಚು ಎತ್ತುವ ಗಳಿಗೆ ನನಗೆ ಸುಮ್ನೆ ಹೊಳೆದದ್ದಲ್ಲ. ಹಳೇ ಕಾಮೆಂಟುಗಳನ್ನೆಲ್ಲಾ ಕೂತು ಓದಿದೆ. ಪದೇ ಪದೇ ಕೇಳಿದ್ದು ಮೂರೇ ವಿಷಯ: ಕಾವಲಿಗೆ ಅಂಟುತ್ತದೆ, ಎತ್ತುವಾಗ ಹರಿಯುತ್ತದೆ, ತೂತು ಬರುವುದಿಲ್ಲ. ಈ ಮೂರಕ್ಕೂ ಉತ್ತರ ಒಂದೇ ಕ್ಷಣದಲ್ಲಿ ಕಾಣುತ್ತದೆ. ಚೆನ್ನಾಗಿ ಕಾದ ಕಾವಲಿ, ಹಾಲಿನಷ್ಟು ತೆಳುವಾದ ಹಿಟ್ಟು, ಮುಚ್ಚಳ ತೆಗೆದಾಗ ತಾನಾಗಿ ಬಿಟ್ಟುಕೊಂಡ ಅಂಚು. ನೋಡುವವರ ಭಯ ಇರುವ ಜಾಗದಲ್ಲೇ ಚಿತ್ರ ತೆಗೆದರೆ ಅವರಿಗೆ ಕುತೂಹಲ ಹುಟ್ಟಿಸಲು ಏನನ್ನೂ ಮುಚ್ಚಿಡಬೇಕಾಗಿಲ್ಲ.

ಆ ಚಿತ್ರ ವಿಡಿಯೋದಿಂದ ಕತ್ತರಿಸಿದರೆ ಸಿಗಲಿಲ್ಲ. ಹಬೆಯಿಂದ ಎಲ್ಲಾ ಮಸುಕು. ಫೋಟೋಗೆಂದೇ ಬೇರೆಯಾಗಿ ದೋಸೆ ಹುಯ್ದೆ. ಕಬ್ಬಿಣದ ಕಾವಲಿ ಹದಕ್ಕೆ ಬರಲು ಮೊದಲ ಎರಡು ಮೂರು ದೋಸೆ ಹೋಗುತ್ತದೆ, ಅದಕ್ಕೆ ಐದನೆಯದನ್ನು ಹಿಡಿದೆ. ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ಬೆಳಕು ದೋಸೆಯ ಹಿಂದಿನಿಂದ ಬರುವಂತೆ ನಿಂತೆ. ತೂತುಗಳೊಳಗಿಂದ ಬೆಳಕು ಹಾದು ಬಂತು. ನಾನು ಬಿಡದೆ ಪಾಲಿಸುವ ನಿಯಮ ಒಂದಿದೆ: ಫೋಟೋದ ದೋಸೆ ವಿಡಿಯೋದಲ್ಲಿ ಹೇಳಿದ ಅಳತೆಯ ಹಿಟ್ಟಿನದ್ದೇ ಆಗಿರಬೇಕು. ಬೆಳಕು ಚೆನ್ನಾಗಿ ಬೀಳಿಸಬಹುದು, ಹಿಟ್ಟು ಬೇರೆ ಮಾಡಬಾರದು. ಬಣ್ಣವೂ ಅಷ್ಟೇ. ಒಮ್ಮೆ ಸಾರಿನ ಕೆಂಪನ್ನು ಫೋನಿನಲ್ಲಿ ಹೆಚ್ಚಿಸಿದ್ದೆ. "ನಮ್ಮದು ಯಾಕೆ ಈ ಬಣ್ಣ ಬರಲಿಲ್ಲ" ಅಂತ ಎಷ್ಟೋ ಜನ ಕೇಳಿದರು. ಬ್ಯಾಡಗಿ ಮೆಣಸಿನಕಾಯಿ ಜಾಸ್ತಿ ಹಾಕಿ ಎಂದು ಉತ್ತರ ಬರೆಯುವಾಗ ಕೈ ನಡುಗಿತು, ಯಾಕೆಂದರೆ ನನ್ನ ಸಾರೂ ಆ ಬಣ್ಣ ಇರಲಿಲ್ಲ.

ಅಕ್ಷರಗಳ ವಿಷಯಕ್ಕೆ ಬರೋಣ. ಕನ್ನಡದಲ್ಲಿ ಥಂಬ್‌ನೇಲ್ ಮಾಡುವವರಿಗೆ ಇಂಗ್ಲಿಷ್‌ನವರಿಗಿಲ್ಲದ ತೊಡಕೊಂದಿದೆ: ಒತ್ತಕ್ಷರ. ಮೊದಲು ನಾನು "ದೋಸೆ ಅಂಟೋದೇ ಇಲ್ಲ" ಅಂತ ಬರೆದಿದ್ದೆ. ಕಂಪ್ಯೂಟರಿನಲ್ಲಿ ಚೆನ್ನಾಗಿತ್ತು. ಫೋನಿನಲ್ಲಿ "ಲ್ಲ" ಒಂದು ಕಪ್ಪು ಮುದ್ದೆ. ದಪ್ಪ ಗೆರೆಯ ಅಂಚು ಕೊಟ್ಟರೆ ನಮ್ಮ ದುಂಡಗಿನ ಅಕ್ಷರಗಳ ಹೊಟ್ಟೆಯೇ ತುಂಬಿಹೋಗುತ್ತದೆ. ಅದಕ್ಕೇ "ಅಂಟದ ದೋಸೆ" ಎಂದು ಬದಲಿಸಿದೆ. ಒತ್ತಕ್ಷರವೇ ಇಲ್ಲದ ಎರಡು ಪದ. ಈಗ ಪದ ಆರಿಸುವಾಗ ಅರ್ಥದ ಜೊತೆಗೆ ಆಕಾರವನ್ನೂ ನೋಡುತ್ತೇನೆ. ಬಾಲೂ ತಮ್ಮ ಫಾಂಟ್ ದಪ್ಪಗಿದ್ದರೂ ಓದಲು ಬರುತ್ತದೆ, ನಾನು ಅದನ್ನೇ ಬಳಸುತ್ತೇನೆ. ಬಲಗಡೆ ಕೆಳಮೂಲೆಯಲ್ಲಿ ವಿಡಿಯೋದ ಅವಧಿ ಕೂರುತ್ತದೆ, ಅಲ್ಲಿ ಏನನ್ನೂ ಬರೆಯಬೇಡಿ. 1280 × 720 ಅಳತೆಯಲ್ಲಿ ಚಿತ್ರ ಮಾಡಿ, ಕೊನೆಗೆ ಫೋನಿನಲ್ಲಿ ಹೆಬ್ಬೆರಳಿನ ಗಾತ್ರಕ್ಕೆ ಇಳಿಸಿ, ಕೈ ಚಾಚಿ ಹಿಡಿದು ನೋಡುತ್ತೇನೆ. ನಮ್ಮತ್ತೆಗೆ ಕನ್ನಡಕವಿಲ್ಲದೆ ಓದಲು ಬಂದರೆ ಅದು ಪಾಸ್.

ಟೈಟಲ್‌ನಲ್ಲಿ ಚಿತ್ರದ ಮಾತನ್ನೇ ಮತ್ತೆ ಹೇಳಿದರೆ ಜಾಗ ದಂಡ. ಚಿತ್ರದಲ್ಲಿ ಕಾಣದ್ದನ್ನು ಅಲ್ಲಿ ಹೇಳಬೇಕು. ನೆನೆಯುವ ಸಮಯ ಫೋಟೋದಲ್ಲಿ ಕಾಣುವುದಿಲ್ಲ, ಅದಕ್ಕೆ ಟೈಟಲ್‌ಗೆ ತಂದೆ. ಕ್ಲಿಕ್ ಕಡಿಮೆ ಆಗುತ್ತದೆ ಎಂಬ ಹೆದರಿಕೆ ಇತ್ತು. ಸ್ವಲ್ಪ ಆಗಿಯೂ ಇರಬಹುದು. ಆದರೆ ರಾತ್ರಿ ಹತ್ತಕ್ಕೆ ನೋಡಿ ಅಕ್ಕಿ ನೆನೆಹಾಕಿದೆ ಅಂತ ಬರೆಯುವವರು ಆಮೇಲೆ ಶುರುವಾದರು. ಯೂಟ್ಯೂಬ್ ಟೈಟಲ್‌ಗೆ 100 ಅಕ್ಷರ ಬಿಡುತ್ತದೆ, ಆದರೆ ಫೋನಿನಲ್ಲಿ ಬಾಲ ಕತ್ತರಿಸಿಹೋಗುತ್ತದೆ. ಹಾಗಾಗಿ ತಿಂಡಿಯ ಹೆಸರು, ತೊಂದರೆ ಮೊದಲ ಅರ್ಧದಲ್ಲೇ ಬರಬೇಕು. ಎಷ್ಟೋ ಜನ `neer dose recipe in kannada` ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹುಡುಕುತ್ತಾರೆ. ಅದನ್ನು ನಾನು ವಿವರಣೆಯ ಮೊದಲ ಸಾಲಿನಲ್ಲಿ ಹಾಕುತ್ತೇನೆ, ಟೈಟಲ್ ಕನ್ನಡದಲ್ಲೇ ಇರಲಿ ಅಂತ ನನ್ನ ಆಸೆ.

ಥಂಬ್‌ನೇಲ್‌ನಲ್ಲಿ ತೋರಿಸಿದ ಗಳಿಗೆ ವಿಡಿಯೋದ ಮೊದಲ 30 ಸೆಕೆಂಡಿನಲ್ಲಿ ಒಮ್ಮೆ ಕಾಣಲೇಬೇಕು. ನನ್ನದರಲ್ಲಿ ಮೊದಲು 40 ಸೆಕೆಂಡ್ ನಮಸ್ಕಾರ, ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ಒಮ್ಮೆ ಹಾಕಿದ ವಿಡಿಯೋಗೆ ಹೊಸ ತುಣುಕು ಸೇರಿಸಲು ಬರುವುದಿಲ್ಲ, ಆದರೆ ಸ್ಟುಡಿಯೋದಲ್ಲೇ ಕತ್ತರಿಸಬಹುದು. ಮೂರನೇ ಥಂಬ್‌ನೇಲ್ ಹಾಕುವಾಗ ಆ 40 ಸೆಕೆಂಡ್ ತೆಗೆದುಬಿಟ್ಟೆ. ಹಾಗಾಗಿ ಆ 70 ಪೂರ್ತಿ ಚಿತ್ರದ್ದೇ ಗೆಲುವು ಅಂತ ಹೇಳಲಾರೆ, ಕತ್ತರಿಯ ಪಾಲೂ ಇದೆ.

ಇನ್ನೊಂದು ಎಚ್ಚರ. ವಾರಕ್ಕೊಂದು ಚಿತ್ರ ಬದಲಿಸಿ ಹೋಲಿಸಿದರೆ ತಕ್ಕಡಿ ಸಮ ಇರುವುದಿಲ್ಲ. ಮೊದಲ ದಿನಗಳಲ್ಲಿ ನಮ್ಮ ಸಬ್‌ಸ್ಕ್ರೈಬರುಗಳೇ ಜಾಸ್ತಿ ನೋಡುತ್ತಾರೆ, ಆಗ ಕ್ಲಿಕ್ ಜಾಸ್ತಿ. ಆಮೇಲೆ ಅಪರಿಚಿತರಿಗೆ ತೋರಿಸುತ್ತಾ ಹೋದಂತೆ ಇಳಿಯುತ್ತದೆ. ಆ ಅನುಮಾನಕ್ಕೆ ಸ್ಟುಡಿಯೋದ ಪರೀಕ್ಷೆಯನ್ನೇ ಬಳಸಿದೆ. ಕಂಪ್ಯೂಟರಿನಲ್ಲಿ ಮೂರು ಥಂಬ್‌ನೇಲ್ ತನಕ ಹಾಕಿದರೆ ಅದೇ ಹಂಚಿ ತೋರಿಸುತ್ತದೆ. ಕ್ಲಿಕ್ಕಿನ ಮೇಲಲ್ಲ, ಜನ ನೋಡಿದ ಸಮಯದ ಮೇಲೆ ಗೆದ್ದವರನ್ನು ಹೇಳುತ್ತದೆ, ನನಗೆ ಅದು ಸರಿಯಾದ ಅಳತೆ ಅನ್ನಿಸಿತು. "5 ನಿಮಿಷ" ಚಿತ್ರವನ್ನು ಮತ್ತೆ ಯಾರ ಮುಂದೂ ಇಡಲು ಮನಸ್ಸಾಗಲಿಲ್ಲ. ಬಾಳೆ ಎಲೆ, ಅಂಚು ಎತ್ತುವುದು, ಜೊತೆಗೆ ಅರ್ಧ ಹರಿದ ದೋಸೆ ಅರ್ಧ ಒಳ್ಳೆ ದೋಸೆ ಇರುವ ಜೋಡಿ ಚಿತ್ರ, ಈ ಮೂರನ್ನು ಹಾಕಿದೆ. ಎರಡು ವಾರದ ಹತ್ತಿರ ಹಿಡಿಯಿತು. ಅಂಚು ಎತ್ತುವುದೇ ಗೆದ್ದಿತು. ಜೋಡಿ ಚಿತ್ರ ಕೊನೆಗೆ ಬಂತು. ಸಣ್ಣ ಪರದೆಯಲ್ಲಿ ಎರಡು ದೋಸೆ ಎರಡು ಬಿಳಿ ತೇಪೆಯಂತೆ ಕಂಡಿತು. ಕಡಿಮೆ ಜನ ನೋಡುವ ನನ್ನ ಇನ್ನೊಂದು ವಿಡಿಯೋದಲ್ಲಿ ಇದೇ ಪರೀಕ್ಷೆ ಏನೂ ಹೇಳದೆ ಮುಗಿಯಿತು. ಚಿಕ್ಕ ಚಾನೆಲ್ಲಿನವರು ಅದಕ್ಕೆ ಬೇಸರ ಮಾಡಿಕೊಳ್ಳದೆ 30ನೇ ಸೆಕೆಂಡನ್ನೂ ಕಾಮೆಂಟನ್ನೂ ನೋಡಿದರೆ ಸಾಕು.

ತಟ್ಟೆ ಎಲ್ಲಾ ಕಡೆ ಸೋಲುತ್ತದೆ ಅಂತಲ್ಲ. ಮಳೆಗಾಲದಲ್ಲಿ ಪತ್ರೊಡೆ ಹಾಕಿದಾಗ ಎಲೆಗೆ ಹಿಟ್ಟು ಸವರುವ ಗಳಿಗೆಯನ್ನು ಮೊದಲು ಇಟ್ಟೆ. ಬಯಲುಸೀಮೆಯ ಎಷ್ಟೋ ಜನರಿಗೆ ಅದು ಏನೆಂದೇ ತಿಳಿಯಲಿಲ್ಲ. ತಿನ್ನದ ತಿಂಡಿಯ ಬಗ್ಗೆ ಯಾರಿಗೂ ಭಯ ಇರುವುದಿಲ್ಲವಲ್ಲ. ಕೆಸುವಿನ ಎಲೆ ಸುರುಳಿ ಸುರುಳಿಯಾಗಿ ಕಾಣುವಂತೆ ಕೊಯ್ದ ಬಿಲ್ಲೆಗಳನ್ನು ತಟ್ಟೆಯಲ್ಲಿಟ್ಟು ಹಾಕಿದ ಮೇಲೆ ಒತ್ತಲು ಶುರುಮಾಡಿದರು. ಅದರ ಟೈಟಲ್‌ನಲ್ಲಿ "ಗಂಟಲು ತುರಿಸದಂತೆ, ಹುಣಸೆಹಣ್ಣಿನ ಅಳತೆ ಸಮೇತ" ಅಂತ ಸೇರಿಸಿದ್ದೇನೆ, ಅಳತೆ 22ನೇ ಸೆಕೆಂಡಿಗೆ ಬರುತ್ತದೆ.