ಪಣಂಬೂರಿನ ಫೋಟೋ: ಟ್ಯಾಂಕರೋ, ಬಲ್ಕ್ ಕ್ಯಾರಿಯರೋ?

ಬೆಂಗಳೂರಿಂದ ವೀಕೆಂಡಿಗೆ ಪಣಂಬೂರಿಗೆ ಹೋಗಿ ಬಂದವರ ಫೋನಿನಲ್ಲಿ ದೂರದ ಹಡಗಿನ ಫೋಟೋ ಒಂದಾದರೂ ಇರುತ್ತದೆ, ಅಲ್ವಾ? ಅದು ಎಣ್ಣೆ ಸಾಗಿಸುವ ಟ್ಯಾಂಕರೋ, ಕಲ್ಲಿದ್ದಲಿನಂಥ ಸರಕು ತುಂಬುವ ಬಲ್ಕ್ ಕ್ಯಾರಿಯರೋ? ಒಡಲು ನೋಡಿ ಹೇಳುವುದು ಕಷ್ಟ. ಎರಡೂ ಉದ್ದನೆಯ ಡಬ್ಬಿಯಂತೆ, ಎರಡಕ್ಕೂ ಸಿಬ್ಬಂದಿಯ ಕಟ್ಟಡ ಹಿಂದೆ.

ಡೆಕ್ ಮೇಲೆ ಜೂಮ್ ಮಾಡಿ. ಬಲ್ಕ್ ಕ್ಯಾರಿಯರಿನಲ್ಲಿ ಹ್ಯಾಚ್ ಎನ್ನುವ, ಸರಕು ಇಳಿಸುವ ಬಾಯಿಗಳ ಎತ್ತರದ ಮುಚ್ಚಳಗಳ ಸಾಲು ಕಾಣುತ್ತದೆ, ಎಷ್ಟೋ ಸಲ ನಡುನಡುವೆ ದಪ್ಪ ಕ್ರೇನುಗಳು. ಟ್ಯಾಂಕರಿನಲ್ಲಿ ಉದ್ದಕ್ಕೂ ಪೈಪುಗಳು, ನಟ್ಟನಡುವೆ ಹೋಸ್ ಎತ್ತುವ ಸಣ್ಣ ಕ್ರೇನ್.

ಸುಮ್ನೆ ಕ್ರೇನ್ ಇಲ್ಲ ಅಂತ ಟ್ಯಾಂಕರ್ ಅನ್ನಬೇಡಿ. ದೊಡ್ಡ ಬಲ್ಕ್ ಹಡಗುಗಳಲ್ಲಿ ಸಾಮಾನ್ಯವಾಗಿ ಕ್ರೇನೇ ಇರುವುದಿಲ್ಲ. ಅಂಥ ಫೋಟೋದಲ್ಲಿ ಡೆಕ್ಕಿನ ಗೆರೆ ನೋಡಿ: ಹಲ್ಲುಹಲ್ಲಾಗಿದ್ದರೆ ಹ್ಯಾಚುಗಳು. ಕಟ್ಟಡದ ಮುಂಗೋಡೆಯಲ್ಲಿ ದೊಡ್ಡದಾಗಿ ‘ನೋ ಸ್ಮೋಕಿಂಗ್’ ಎಂದಿದ್ದರೆ, ಬಹುತೇಕ ಟ್ಯಾಂಕರೇ.