ಮೊಂಡು ಸೂಜಿ, ಚಿಂದಿ ಬಟ್ಟೆ: ಹತ್ತು ವರ್ಷದ ಮಗಳಿಗೆ ಹೊಲಿಗೆಯೋ, ಕಸೂತಿಯೋ, ರಟ್ಟಿನ ಮಗ್ಗವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ರಟ್ಟಿನ ಮಗ್ಗಕ್ಕೆ. ಐದನೇ ತರಗತಿಯ ಮಗಳಿಗೆ ಈ ಬೇಸಿಗೆ ರಜೆಯಲ್ಲಿ ಹೊಲಿಗೆ, ಕಸೂತಿ, ನೇಯ್ಗೆ ಮೂರನ್ನೂ ಕೊಟ್ಟು ನೋಡಿದೆ. ನನ್ನ ಷರತ್ತು ಎರಡೇ ಇದ್ದವು. ಸೂಜಿ ಮೊಂಡಾಗಿರಬೇಕು. ಬಟ್ಟೆ ಮನೆಯ ಹಳೆಯದ್ದೋ, ದಾವಣಗೆರೆಯಲ್ಲಿ ನಮ್ಮ ಬೀದಿಯ ಟೈಲರ್ ಅಕ್ಕನ ಮಷೀನಿನ ಕೆಳಗೆ ಬಿದ್ದದ್ದೋ ಆಗಿರಬೇಕು. ಎರಡೂ ಷರತ್ತುಗಳಿಗೆ ಒಟ್ಟಿಗೆ ಒಗ್ಗಿ ನಮ್ಮ ಮನೆಯಲ್ಲಿ ನಿಂತದ್ದು ನೇಯ್ಗೆ ಮಾತ್ರ.

ಇದಕ್ಕೂ ಮೊದಲು ಮನೆಗೆ ಒಂದು ಸಿದ್ಧ ಹೊಲಿಗೆ ಪೆಟ್ಟಿಗೆ ಬಂದಿತ್ತು. ಆನ್‌ಲೈನಿನಲ್ಲಿ 400 ರೂಪಾಯಿ ಕೊಟ್ಟು ತರಿಸಿದ್ದು. ಅಂಚಿನುದ್ದಕ್ಕೂ ತೂತು ಹೊಡೆದ ಫೆಲ್ಟ್ ತುಂಡುಗಳು, ಒಂದು ಪ್ಲಾಸ್ಟಿಕ್ ಸೂಜಿ, ಬಣ್ಣದ ದಾರ. ತೂತುಗಳು ಅಂಚಿಗೆ ತೀರಾ ಹತ್ತಿರ ಇದ್ದುದರಿಂದ ದಾರ ಬಿಗಿದಲ್ಲೆಲ್ಲ ಫೆಲ್ಟ್ ಹರಿದು ಬಾಯಿ ಬಿಟ್ಟಿತು. ಆ ತುಂಡುಗಳನ್ನು ಜೋಡಿಸಿ ಹೊಲಿಯುವ ಗೂಬೆ ಒಂದು ಮಧ್ಯಾಹ್ನದಲ್ಲಿ ಮುಗಿಯಿತು, ಆಮೇಲೆ ಪೆಟ್ಟಿಗೆಯಲ್ಲಿ ಮಾಡಲು ಏನೂ ಉಳಿಯಲಿಲ್ಲ. ಅದರ ಕಥೆ ಅಷ್ಟೇ.

ಇನ್ನು ಹೊಲಿಗೆ. ಟೈಲರ್ ಅಕ್ಕ ಒಂದು ಚೀಲ ತುಂಬ ಬ್ಲೌಸಿನ ತುಂಡುಗಳನ್ನು ಕೊಟ್ಟರು: ಟೂ ಬೈ ಟೂ, ಪಾಪ್ಲಿನ್, ಲೈನಿಂಗ್ ಬಟ್ಟೆ, ಒಂದಿಷ್ಟು ಸ್ಯಾಟಿನ್. ಕೊಡುವಾಗಲೇ, "ಮೊಂಡು ಸೂಜಿ ಇದರಲ್ಲಿ ಇಳಿಯುವುದಿಲ್ಲ ಕಣಮ್ಮ, ಮಗುವಿನ ಕೈ ನೋಯುತ್ತದೆ" ಎಂದರು. ಹಾಗೆಯೇ ಆಯಿತು. ಮೊನೆಯಿರುವ ಸೂಜಿ ಎಳೆಗಳನ್ನು ಸರಿಸಿ ತನ್ನ ದಾರಿಯನ್ನು ತಾನೇ ಮಾಡಿಕೊಳ್ಳುತ್ತದೆ. ಮೊಂಡು ಸೂಜಿಗೆ ದಾರಿ ಮೊದಲೇ ಇರಬೇಕು, ಒತ್ತಾಗಿ ನೇಯ್ದ ಬ್ಲೌಸ್ ಬಟ್ಟೆಯಲ್ಲಿ ಅದು ಇರುವುದಿಲ್ಲ. ಮಗು ಬಲ ಹಾಕಿ ತಳ್ಳುತ್ತದೆ, ಬಟ್ಟೆ ತಡೆಯುತ್ತದೆ, ಕೊನೆಗೆ ಸೂಜಿ ತಟ್ಟನೆ ನುಗ್ಗಿ ಆಚೆ ಹಿಡಿದಿದ್ದ ಬೆರಳಿಗೆ ಕುಟ್ಟುತ್ತದೆ. ಸೂಜಿ ಮೊಂಡಾಗಿದ್ದರೆ ಸಾಲದು, ಬಟ್ಟೆಯೂ ಅದಕ್ಕೆ ಹೊಂದಬೇಕು.

ಮೊಂಡು ಸೂಜಿ ಸಲೀಸಾಗಿ ಹೋಗುವ ಚಿಂದಿ ಎಂದರೆ ಗೋಣಿ. ಅಕ್ಕಿಯ ಹಳೆಯ ಗೋಣಿಚೀಲವನ್ನು ತೊಳೆದು, ಒಣಗಿಸಿ, ಅಂಗೈ ಅಗಲಕ್ಕೆ ಕತ್ತರಿಸಿ ಕೊಟ್ಟರೆ ಉಣ್ಣೆ ದಾರದಲ್ಲಿ ಪುಟ್ಟ ಚೀಲ ಹೊಲಿಯಬಹುದು. ನಾರು ಉದುರುತ್ತದೆ, ಆದ್ದರಿಂದ ಕತ್ತರಿಸಿದ ಅಂಚನ್ನು ಮಡಚಿಯೇ ಹೊಲಿಯಬೇಕು. ನನ್ನ ಮಗಳಿಗೆ ಸೀನು ಬರಲು ಶುರುವಾಯಿತು, ಗೋಣಿ ಅಟ್ಟ ಸೇರಿತು. ಹತ್ತು ವರ್ಷದ ಮಕ್ಕಳು ಮೊನೆ ಸೂಜಿ ಹಿಡಿಯಬಾರದೆಂದೇನೂ ಇಲ್ಲ, ದೊಡ್ಡವರು ಪಕ್ಕದಲ್ಲಿ ಕೂರುವಂತಿದ್ದರೆ ಧಾರಾಳವಾಗಿ ಕಲಿಸಬಹುದು. ಸಂಜೆ ರೊಟ್ಟಿ ತಟ್ಟುವ ನನಗೆ ಅಷ್ಟು ಪುರುಸೊತ್ತಿಲ್ಲ.

ಕಸೂತಿಯ ಬಗ್ಗೆ ನನಗೆ ದೂರಿಗಿಂತ ಗೌರವವೇ ಹೆಚ್ಚು. ಮ್ಯಾಟಿ ಬಟ್ಟೆಯಲ್ಲಿ ಎಳೆಗಳ ನಡುವೆ ಸಮನಾದ ತೂತುಗಳಿರುತ್ತವೆ, ಮೊಂಡು ಸೂಜಿ ಅಲ್ಲಿ ತಾನಾಗಿಯೇ ಇಳಿಯುತ್ತದೆ. ಸೂಜಿ ಕೊಳ್ಳುವಾಗ ಒಂದು ತಿಳಿದಿರಲಿ: ನಂಬರ್ ದೊಡ್ಡದಾದಷ್ಟೂ ಸೂಜಿ ಸಣ್ಣದು. ಮಕ್ಕಳ ಕೈಗೆ 18 ಅಥವಾ 20 ಚೆನ್ನಾಗಿ ಕೂರುತ್ತದೆ. ಕಸೂತಿ ದಾರದ ಲಡಿಯಲ್ಲಿ ಆರು ಎಳೆ ಇರುತ್ತವೆ, ಅದನ್ನು ಬಿಡಿಸಿ ಮೂರೆಳೆಯಷ್ಟೇ ಪೋಣಿಸಿದರೆ ಸಾಕು. ಗವಂತಿ ಹೊಲಿಗೆಯಿಂದ ಶುರು ಮಾಡಿಸಿದೆ. ಹೋಗುವಾಗ ಒಂದು ಬಿಟ್ಟು ಒಂದು ಗೆರೆ, ಬರುವಾಗ ಬಿಟ್ಟಿದ್ದನ್ನು ತುಂಬುವುದು. ಸರಿಯಾಗಿ ಬಂದರೆ ಬಟ್ಟೆಯ ಎರಡೂ ಬದಿ ಒಂದೇ ತರಹ ಕಾಣುತ್ತದೆ.

ತೊಡಕು ಎಣಿಕೆಯಲ್ಲಿ. ಹೋಗುವ ದಾರಿಯಲ್ಲಿ ಒಂದು ತೂತು ತಪ್ಪಿದರೆ ಅದು ಗೊತ್ತಾಗುವುದು ಬರುವ ದಾರಿಯಲ್ಲಿ, ಹಾಕುತ್ತಿರುವ ಗೋಪುರದ ಚಿತ್ತಾರದ ಎರಡು ಬದಿಗಳು ಕೂಡದೇ ಹೋದಾಗ. ಆಗ ಬಿಚ್ಚಲೇಬೇಕು. ನನ್ನ ಮಗಳಿಗೆ ಬಿಚ್ಚುವುದೆಂದರೆ ಅಳು. ಮೇಲಾಗಿ ಮ್ಯಾಟಿ ಚಿಂದಿಯಲ್ಲಿ ಸಿಗುವುದಿಲ್ಲ, ಅಂಗಡಿಯಿಂದಲೇ ತರಬೇಕು.

ಮಗ್ಗಕ್ಕೆ ಬರೋಣ. ನಾವು ಮಾಡಿದ್ದು ಲೋಟ ಇಡುವ ಮ್ಯಾಟು, 12 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಉದ್ದ. ಪೆಟ್ಟಿಗೆಯ ರಟ್ಟನ್ನು ಎರಡು ಪದರ ಮಾಡಿ ಅಂಟಿಸಿದೆ. ಒಂದು ಪದರದ ಗೀರುಗಳು ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಇರಬೇಕು, ಇಲ್ಲದಿದ್ದರೆ ದಾರ ಬಿಗಿದಾಗ ರಟ್ಟು ಬಾಗುತ್ತದೆ. ಮೇಲೆ ಕೆಳಗೆ ಒಂದು ಸೆಂಟಿಮೀಟರಿಗೊಂದರಂತೆ 13 ಕಚ್ಚು ಹಾಕಿ, ಪೊಟ್ಟಣ ಕಟ್ಟುವ ಹತ್ತಿ ಹುರಿಯನ್ನು ಉದ್ದಕ್ಕೆ ಬಿಗಿದು ನಿಲ್ಲುವ ಎಳೆಗಳಾಗಿ, ಅಂದರೆ ಹಾಸಾಗಿ, ಸುತ್ತಿದೆ. ಹಾಸಿನ ಎಳೆಗಳು ಬೆಸ ಸಂಖ್ಯೆಯಲ್ಲೇ ಇರಬೇಕೆಂದು ಹಲವರು ಹೇಳುತ್ತಾರೆ. ದುಂಡಗೆ ಸುತ್ತುತ್ತಾ ನೇಯುವುದಾದರೆ ಅದು ಬೇಕೇ ಬೇಕು, ಹೀಗೆ ಹೋಗಿ ಬರುವ ನೇಯ್ಗೆಗೆ ಸಮ ಇದ್ದರೂ ನಡೆಯುತ್ತದೆ.

ಹಾಸಿನ ನಡುವೆ ಅಡ್ಡಕ್ಕೆ ಹಾಯಿಸುವ ಹೊಕ್ಕಿಗೆ ಹಳೆಯ ಹತ್ತಿ ಸೀರೆ, ಲುಂಗಿ, ಟೈಲರ್ ಅಕ್ಕನ ಪಾಪ್ಲಿನ್. ಅಂಚಿನಲ್ಲಿ ಒಂದೂವರೆ ಸೆಂಟಿಮೀಟರಿಗೆ ಒಂದು ಗೀರು ಕತ್ತರಿಸಿ ಕೈಯಲ್ಲಿ ಎಳೆದರೆ ಹತ್ತಿ ಬಟ್ಟೆ ಎಳೆಯ ಗುಂಟ ನೇರವಾಗಿ ಹರಿಯುತ್ತದೆ. ಆ ಪರ್ರ್ ಎನ್ನುವ ಸದ್ದಿಗಾಗಿಯೇ ಅವಳು ಬೇಕಾದ್ದಕ್ಕಿಂತ ಮೂರು ಪಟ್ಟು ಪಟ್ಟಿ ಹರಿದಿಟ್ಟಳು. ಈ ಮ್ಯಾಟಿಗೆ ಹಿಡಿಯುವುದು ಸುಮಾರು 5 ಮೀಟರ್. ಪಟ್ಟಿ ಮುಗಿದಲ್ಲಿ ಗಂಟು ಹಾಕಬಾರದು, ಹೊಸ ಪಟ್ಟಿಯನ್ನು ಮೂರು ನಾಲ್ಕು ಎಳೆಗಳಷ್ಟು ಹಳೆಯದರ ಮೇಲೆ ಜೋಡಿಸಿ ಮುಂದುವರಿದರೆ ಅದು ತಾನೇ ಕಚ್ಚಿಕೊಳ್ಳುತ್ತದೆ. ಸೂಜಿ ಎಂದರೆ ಲಂಗಕ್ಕೆ ಲಾಡಿ ಏರಿಸುವ ಆ ದಪ್ಪ ಮೊಂಡು ಸೂಜಿ. ಅದೂ ಇಲ್ಲದಿದ್ದರೆ ಪಟ್ಟಿಯ ತುದಿಗೆ ಪಿನ್ನು ಹಾಕಿ ಮುಚ್ಚಿದರೂ ಕೆಲಸ ಆಗುತ್ತದೆ.

ಇಲ್ಲಿ ಇರುವುದು ಒಂದೇ ಕಾಟ, ಆದರೆ ಅದು ದೊಡ್ಡ ಕಾಟ: ಅಂಚು ಒಳಗೆ ಸರಿಯುವುದು. 12 ಸೆಂಟಿಮೀಟರಿಗೆ ಶುರುವಾದ ಮ್ಯಾಟು ನಡುವೆ 9ಕ್ಕೆ ಇಳಿದು, ಮೇಲೆ ಕಚ್ಚುಗಳ ಹತ್ತಿರ ಮತ್ತೆ ಅಗಲವಾಗಿ, ಕೊನೆಗೆ ಡಮರುವಿನ ಆಕಾರಕ್ಕೆ ಬಂತು. ಮಗು ನೋಡುತ್ತಿರುವುದು ಸೂಜಿಯನ್ನು, ಅಂಚನ್ನಲ್ಲ, ಹೀಗಾಗಿ ಅರ್ಧ ಆಗುವವರೆಗೂ ಅದು ಕಣ್ಣಿಗೆ ಬೀಳುವುದಿಲ್ಲ. ಅಂದವಾಗಿ ಬರಲೆಂದು ಪ್ರತಿ ಸಾಲನ್ನೂ ಬಿಗಿದು ಎಳೆಯುವುದು ಮಕ್ಕಳ ಸಹಜ ಬುದ್ಧಿ. ಆದರೆ ಹೊಕ್ಕು ನೇರ ಗೆರೆಯಲ್ಲಿ ಹೋಗುವುದಿಲ್ಲ, ಒಂದೊಂದು ಎಳೆಯ ಮೇಲೂ ಕೆಳಗೂ ಡೊಂಕಾಗಿ ಹೋಗುತ್ತದೆ. ಆ ಡೊಂಕಿಗೆ ಬೇಕಾದ ಹೆಚ್ಚುವರಿ ಉದ್ದವನ್ನು ಕೊಡದಿದ್ದರೆ ಅದು ಅಂಚಿನ ಎಳೆಯನ್ನು ಒಳಗೆಳೆದು ಅದನ್ನು ಪಡೆಯುತ್ತದೆ.

ಹಳೆಯ ಟೀ ಶರ್ಟಿನ ಪಟ್ಟಿ ಬಳಸಿದಾಗ ಈ ಕಾಟ ಇನ್ನೂ ಜೋರಾಯಿತು. ಬನಿಯನ್ ಬಟ್ಟೆ ಎಳೆದಾಗ ಹಿಗ್ಗುತ್ತದೆ, ಕೈ ಬಿಟ್ಟ ಮೇಲೆ ಕುಗ್ಗುತ್ತದೆ. ನೇಯುವಾಗ ಸರಿಯಾಗಿ ಕಂಡ ಸಾಲು ಸ್ವಲ್ಪ ಹೊತ್ತಿನಲ್ಲಿ ಅಂಚನ್ನು ಒಳಗೆ ಸೆಳೆದುಕೊಂಡಿರುತ್ತದೆ. ಮಕ್ಕಳ ನೇಯ್ಗೆಗೆ ಟೀ ಶರ್ಟ್ ಪಟ್ಟಿಯೇ ಉತ್ತಮವೆಂದು ಹೇಳುವವರು ಬಹಳ ಜನ. ಮೊದಲ ಮ್ಯಾಟಿಗಂತೂ ಅದು ಬೇಡ.

ಪರಿಹಾರ ಎರಡಿವೆ, ಎರಡೂ ಒಟ್ಟಿಗೆ ಬೇಕು. ಮೊದಲನೆಯದು, ಪಟ್ಟಿಯನ್ನು ದಾಟಿಸಿದ ಮೇಲೆ ನೇರ ಎಳೆಯದೆ ನಡುವೆ ಎರಡೂವರೆ ಸೆಂಟಿಮೀಟರ್ ಎತ್ತರದ ಕಮಾನು ಬಿಡುವುದು. ಆಮೇಲೆ ತಲೆ ಬಾಚುವ ದಪ್ಪ ಹಲ್ಲಿನ ಹಣಿಗೆಯಿಂದ ಮೊದಲು ಕಮಾನಿನ ನೆತ್ತಿಯನ್ನು ಒತ್ತಿ, ನಂತರ ಎರಡೂ ಬದಿಗೆ ಒತ್ತುತ್ತಾ ಹೋಗಬೇಕು. ಅಂಚಿನಿಂದ ಒತ್ತಲು ಶುರು ಮಾಡಿದರೆ ಬಿಟ್ಟ ಸಡಿಲವೆಲ್ಲ ನಡುವೆ ಗುಡ್ಡೆಯಾಗುತ್ತದೆ. ಎಳೆಗಳ ನಡುವೆ ಪಟ್ಟಿ ಉಬ್ಬಿ ಕುಣಿಕೆಯಂತೆ ಎದ್ದರೆ ಕಮಾನು ಹೆಚ್ಚಾಯಿತೆಂದು ಅರ್ಥ. ಅಂಚಿನ ಎಳೆ ಓರೆಯಾದರೆ ಕಡಿಮೆಯಾಯಿತೆಂದು. ಇದನ್ನು ಮಗಳಿಗೆ ಬಾಯಲ್ಲಿ ಹೇಳಿದ್ದಕ್ಕಿಂತ 12 ಸೆಂಟಿಮೀಟರಿನ ಒಂದು ಕಾಗದದ ಪಟ್ಟಿ ಕತ್ತರಿಸಿ, ನಾಲ್ಕು ಸಾಲಿಗೊಮ್ಮೆ ಇಟ್ಟು ನೋಡು ಎಂದದ್ದು ಹೆಚ್ಚು ಫಲ ಕೊಟ್ಟಿತು.

ಎರಡನೆಯದು ಸೈಕಲ್ಲಿನ ಹಳೆಯ ಕಡ್ಡಿಗಳು. ಎರಡು ಬದಿಯ ಕೊನೆಯ ಹಾಸಿನ ಎಳೆಗಳ ಪಕ್ಕದಲ್ಲೇ ಒಂದೊಂದು ಕಡ್ಡಿಯನ್ನು ನಿಲ್ಲಿಸಿ, ಮೇಲೆ ಕೆಳಗೆ ಟೇಪು ಹಚ್ಚಿ, ತುದಿಗಳನ್ನೂ ಟೇಪಿನಿಂದ ಮುಚ್ಚಿದೆ. ಹೊಕ್ಕು ತಿರುಗುವಾಗ ಎಳೆಯ ಜೊತೆ ಕಡ್ಡಿಯನ್ನೂ ಸುತ್ತಿಕೊಂಡು ಬರುತ್ತದೆ. ಕಡ್ಡಿ ಬಾಗುವುದಿಲ್ಲ, ಆದ್ದರಿಂದ ಅಂಚು ಒಳಗೆ ಸರಿಯುವುದಿಲ್ಲ. ಮುಗಿದ ಮೇಲೆ ಕಡ್ಡಿಯನ್ನು ಮೇಲಕ್ಕೆ ಎಳೆದರೆ ಜಾರಿ ಬರುತ್ತದೆ. ತೆಂಗಿನ ಪೊರಕೆ ಕಡ್ಡಿಯೂ ಸಾಕೆಂದು ನಮ್ಮ ಅತ್ತೆ ಹೇಳಿದರು. ಹಾಕಿ ನೋಡಿದೆವು, ಅದು ಎಳೆಯ ಜೊತೆ ತಾನೂ ಬಾಗಿತು.

ದೊಡ್ಡ ಮಗ್ಗದಲ್ಲೂ ಇದೇ ತೊಂದರೆ ಇದೆ. ಅಲ್ಲಿ ನೇಯ್ದ ಬಟ್ಟೆಯ ಎರಡು ಅಂಚನ್ನು ಸಣ್ಣ ಮೊನೆಗಳಿಂದ ಹಿಡಿದು ಅಗಲಕ್ಕೆ ಬಿಗಿದಿಡುವ ಅಡ್ಡಪಟ್ಟಿಯನ್ನು ನೇಕಾರರು ಇಡುತ್ತಾರೆ, ಬಟ್ಟೆ ಮುಂದೆ ಸರಿದ ಹಾಗೆ ಅದನ್ನೂ ಮುಂದೆ ಸರಿಸುತ್ತಾರೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಅಂಚು ನೆಟ್ಟಗಿರುವುದನ್ನು ಈಗ ನನ್ನ ಮಗಳು ಮುಟ್ಟಿ ನೋಡುತ್ತಾಳೆ. ಮೊದಲಾದರೆ ಜರಿಯನ್ನು ಮಾತ್ರ ನೋಡುತ್ತಿದ್ದಳು.

ಮುಗಿಸುವುದು ಸುಲಭ. ಕಚ್ಚಿನಿಂದ ಎಳೆಗಳನ್ನು ಕತ್ತರಿಸಿ ಎರಡೆರಡನ್ನು ಗಂಟು ಹಾಕುವುದು. 13 ಎಳೆ ಇರುವುದರಿಂದ ಕೊನೆಯ ಗಂಟಿಗೆ ಮೂರು ಬರುತ್ತವೆ. ಕತ್ತರಿಸುವ ಮೊದಲು ಮೇಲೆ ಕೆಳಗೆ ಕನಿಷ್ಠ ಆರು ಸೆಂಟಿಮೀಟರ್ ಖಾಲಿ ಎಳೆ ಇರಲೇಬೇಕು, ಇಲ್ಲದಿದ್ದರೆ ಗಂಟು ಹಾಕಲು ಬೆರಳಿಗೆ ಸಿಗುವುದಿಲ್ಲ. ಆದ್ದರಿಂದ ರಟ್ಟು ಮ್ಯಾಟಿಗಿಂತ 12 ಸೆಂಟಿಮೀಟರ್ ಉದ್ದ, ಅಂದರೆ 27 ಸೆಂಟಿಮೀಟರ್ ಇರಲಿ.

ಖರ್ಚು ನೋಡಿದರೆ ಹುರಿಯ ಉಂಡೆಯೊಂದೇ ಕೊಂಡದ್ದು, ಕಡ್ಡಿಗಳನ್ನು ಸೈಕಲ್ ಅಂಗಡಿಯವರು ದುಡ್ಡು ತೆಗೆದುಕೊಳ್ಳದೆ ಕೊಟ್ಟರು. ಆದರೆ ನನಗೆ ಮಗ್ಗ ಒಪ್ಪಿಗೆಯಾಗಲು ಹಣಕ್ಕಿಂತ ಬೇರೆ ಕಾರಣವಿದೆ. ಊಟಕ್ಕೆ ಕರೆದರೆ ಅವಳು ಸಾಲಿನ ನಡುವೆಯೇ ಬಿಟ್ಟು ಏಳಬಹುದು, ಎಣಿಕೆ ತಪ್ಪುವುದಿಲ್ಲ. ತಪ್ಪಿದರೂ ಹಿಂದಿನ ಸಾಲು ಮೇಲೆ ಹೋದಲ್ಲಿ ಇದು ಕೆಳಗೆ ಹೋಗಬೇಕೆಂಬುದು ಅಲ್ಲೇ ಎದುರಿಗೆ ಕಾಣುತ್ತದೆ. ಬಿಚ್ಚುವುದೆಂದರೆ ಪಟ್ಟಿಯನ್ನು ಹಿಂದಕ್ಕೆ ಎಳೆಯುವುದಷ್ಟೇ. ನಿಮ್ಮ ಮನೆಯಲ್ಲಿ ಪಕ್ಕಕ್ಕೆ ಕೂತು ಎಣಿಸಿಕೊಡುವ ಅಜ್ಜಿ ಇದ್ದರೆ, ಮಗುವಿಗೂ ತಾಳ್ಮೆ ಇದ್ದರೆ, ಮ್ಯಾಟಿಯೇ ತನ್ನಿ, ಕಸೂತಿಯಲ್ಲಿ ಬರುವ ಅಂದ ಚಿಂದಿಯ ನೇಯ್ಗೆಗೆ ಬಾರದು. ನಮ್ಮಲ್ಲಿ ಉಳಿದ ಅರ್ಧ ಮೀಟರ್ ಮ್ಯಾಟಿಯನ್ನು ದಸರಾ ರಜೆಗೆ ಎತ್ತಿಟ್ಟಿದ್ದೇನೆ.